ಬೆಂಕಿ ಹೆಚ್ಚಾದರೆ ಗಾಳಿ ಒಳಗೆ ಬರದು

2002ರ ಜುಲೈ 30ರಂದು ದಕ್ಷಿಣ ಆಸ್ಟ್ರೇಲಿಯಾದ ವೂಮೆರಾದಿಂದ ಎರಡು ಹಂತದ ಒಂದು ರಾಕೆಟ್ ಮೇಲೇರಿತು. ಅದರ ಮೂತಿಯಲ್ಲಿದ್ದದ್ದು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಅಲನ್ ಪಾಲ್ ಮತ್ತು ಅವರ ತಂಡ ತಯಾರಿಸಿದ ಪುಟ್ಟ ಪ್ರಯೋಗ, ಹೈಶಾಟ್-2. ರಾಕೆಟ್ 300 ಕಿ.ಮೀ.ಗೂ ಎತ್ತರಕ್ಕೆ ಹೋಗಿ, ಮೂತಿಯನ್ನು ನೆಲದತ್ತ ತಿರುಗಿಸಿಕೊಂಡು, ಶಬ್ದದ ಏಳೂವರೆ ಪಟ್ಟು ವೇಗದಲ್ಲಿ ಕೆಳಗೆ ಬಿತ್ತು. ಹಾಗೆ ಬೀಳುತ್ತ 35 ಕಿ.ಮೀ. ಎತ್ತರದಿಂದ 23 ಕಿ.ಮೀ.ಗೆ ಇಳಿಯುವ ಕೆಲವೇ ಸೆಕೆಂಡುಗಳಲ್ಲಿ ಇಡೀ ಪ್ರಯೋಗ ಮುಗಿಯಬೇಕಿತ್ತು. ಎಂಜಿನ್ನಿಗೆ ನುಗ್ಗುವ ಗಾಳಿಯನ್ನು ಶಬ್ದದ ವೇಗಕ್ಕಿಂತ ಕೆಳಗೆ ಇಳಿಸದೆ, ಹಾಗೇ ಓಡುತ್ತಿರುವಾಗಲೇ ಅದರಲ್ಲಿ ಹೈಡ್ರೋಜನ್ ಉರಿಸಬೇಕು. ಸ್ಕ್ರಾಮ್‌ಜೆಟ್ ಅಂದರೆ ಇದೇ.

ಆ ಎಂಜಿನ್ನಿನ ಒಲೆ, ಅಂದರೆ ದಹನ ಕೋಣೆ, ಒಂದು ಚಪ್ಪಟೆ ನಾಳ. ಎತ್ತರ 9.8 ಮಿಲಿಮೀಟರ್, ಅಗಲ 75, ಉದ್ದ 300. ಮೊದಲಿನಿಂದ ಕೊನೆಯವರೆಗೆ ಎತ್ತರವೂ ಅಗಲವೂ ಒಂದೇ. ಇಂಥ ಎರಡು ನಾಳಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ್ದರು. ಒಂದಕ್ಕೆ ಹೈಡ್ರೋಜನ್ ಬಿಟ್ಟರು, ಇನ್ನೊಂದಕ್ಕೆ ಬಿಡಲಿಲ್ಲ. ಎರಡರ ಗೋಡೆಯ ಒತ್ತಡವನ್ನೂ ಅಳೆದು ಹೋಲಿಸಿದಾಗ ಬೆಂಕಿ ಹತ್ತಿದ್ದು ಖಚಿತವಾಯಿತು.

ಒಳಗೆ ಬರುವ ಗಾಳಿಯಲ್ಲಿದ್ದ ಆಮ್ಲಜನಕವನ್ನೆಲ್ಲ ಉರಿಸಲು ಎಷ್ಟು ಹೈಡ್ರೋಜನ್ ಬೇಕೋ, ಅದರ ಮೂರನೇ ಒಂದು ಭಾಗದ ಆಸುಪಾಸಿನಷ್ಟನ್ನೇ ತಂಡ ಬಿಟ್ಟಿತ್ತು. ಇದು ಜಿಪುಣತನವಲ್ಲ. ಹೆಚ್ಚು ಬಿಟ್ಟಿದ್ದರೆ ಎಂಜಿನ್ ಹೆಚ್ಚು ತಳ್ಳುತ್ತಿತ್ತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಡ್ಡಕೊಯ್ತ ಬದಲಾಗದ ನಾಳದಲ್ಲಿ ವೇಗವಾಗಿ ಓಡುವ ಗಾಳಿಗೆ ಇಷ್ಟೇ ಶಾಖ ಕೊಡಬಹುದು ಎಂಬ ಒಂದು ಮಿತಿಯಿದೆ. ಲೋಹ ಕರಗುವುದಕ್ಕೂ ಆ ಮಿತಿಗೂ ಸಂಬಂಧವಿಲ್ಲ, ಇಂಧನದ ಗುಣಕ್ಕೂ ಇಲ್ಲ. ಮಿತಿ ಇರುವುದು ಹರಿವಿನಲ್ಲೇ. ಅದನ್ನು ಮುಟ್ಟುವುದಕ್ಕೆ ಥರ್ಮಲ್ ಚೋಕಿಂಗ್ ಎನ್ನುತ್ತಾರೆ: ಶಾಖದಿಂದಲೇ ಹರಿವು ಕಟ್ಟಿಕೊಳ್ಳುವುದು.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾಳದ ಗೋಡೆಯ ಘರ್ಷಣೆಯನ್ನು ಸದ್ಯಕ್ಕೆ ಬದಿಗಿಡೋಣ. ಒಳಗೆ ಬಂದ ಗಾಳಿಯಷ್ಟೂ ಹೊರಗೆ ಹೋಗಲೇಬೇಕು. ಅಡ್ಡಕೊಯ್ತ ಒಂದೇ ಆಗಿರುವುದರಿಂದ ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ ಎಲ್ಲೆಡೆ ಒಂದೇ. ಗಾಳಿ ಹಗುರಾದರೆ ವೇಗ ಹೆಚ್ಚಬೇಕು, ದಟ್ಟವಾದರೆ ಕಡಿಮೆಯಾಗಬೇಕು. ಇದು ಮೊದಲ ಕಟ್ಟಳೆ. ಎರಡನೆಯದು ಸಂವೇಗದ್ದು. ಗಾಳಿಯನ್ನು ಹಿಂದಿನಿಂದ ತಳ್ಳುವ ಇಳಿಜಾರು ಗೋಡೆ ಇಲ್ಲಿಲ್ಲ, ಇರುವುದು ಒತ್ತಡ ಮಾತ್ರ. ಹಾಗಾಗಿ ಗಾಳಿಯ ವೇಗ ಹೆಚ್ಚಬೇಕಾದರೆ ಮುಂದಿನ ಒತ್ತಡ ಬೀಳಬೇಕು. ವೇಗ ತಗ್ಗಿದರೆ ಒತ್ತಡ ಏರಬೇಕು. ಈ ಎರಡು ಕಟ್ಟಳೆಗಳ ಒಳಗೇ ಗಾಳಿ ನಾವು ಕೊಟ್ಟ ಶಾಖವನ್ನು ಅರಗಿಸಿಕೊಳ್ಳಬೇಕು.

ಶಬ್ದಕ್ಕಿಂತ ನಿಧಾನವಾಗಿ ಹರಿಯುವ ಗಾಳಿಗೆ ಶಾಖ ಕೊಟ್ಟರೆ ಅದು ಹಿಗ್ಗಿ ಹಗುರಾಗುತ್ತದೆ, ಆದ್ದರಿಂದ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇದು ನಮ್ಮ ಊಹೆಗೆ ತಕ್ಕಂತೆಯೇ ಇದೆ. ಶಬ್ದಕ್ಕಿಂತ ವೇಗವಾಗಿ ಓಡುವ ಗಾಳಿಯಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಶಾಖ ಒತ್ತಡವನ್ನು ಎಷ್ಟು ಏರಿಸುತ್ತದೆಂದರೆ, ಬಿಸಿಯಾದರೂ ಗಾಳಿ ದಟ್ಟವಾಗುತ್ತದೆ. ದಟ್ಟವಾದ್ದರಿಂದ ವೇಗ ತಗ್ಗುತ್ತದೆ. ಜೊತೆಗೆ ಬಿಸಿ ಗಾಳಿಯಲ್ಲಿ ಶಬ್ದದ ವೇಗವೂ ಹೆಚ್ಚು. ಗಾಳಿಯ ವೇಗವನ್ನು ಅಲ್ಲಿನ ಶಬ್ದದ ವೇಗದಿಂದ ಭಾಗಿಸಿದರೆ ಸಿಗುವ ಮ್ಯಾಕ್ ಸಂಖ್ಯೆ ಹೀಗೆ ಎರಡೂ ಕಡೆಯಿಂದ ಪೆಟ್ಟು ತಿಂದು ಬೇಗಬೇಗ ಇಳಿಯುತ್ತದೆ. ಅಂತೂ ನಿಧಾನದ ಹರಿವು ಮೇಲೇರುತ್ತ, ವೇಗದ ಹರಿವು ಕೆಳಗಿಳಿಯುತ್ತ, ಎರಡೂ ಬಂದು ಸೇರುವುದು ಮ್ಯಾಕ್ 1ಕ್ಕೆ.

ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೇ ಹೆಸರಿನಲ್ಲಿ ಕರೆಯುವ ಒಂದು ವಕ್ರರೇಖೆ ಇದನ್ನು ಚಿತ್ರವಾಗಿ ತೋರಿಸುತ್ತದೆ. ಅದನ್ನು ಒಂದು ಗುಡ್ಡ ಎಂದುಕೊಳ್ಳಿ. ಎಡಗಡೆಯ ಇಳಿಜಾರು ಶಬ್ದಕ್ಕಿಂತ ನಿಧಾನದ ಹರಿವಿನದು, ಬಲಗಡೆಯದು ಶಬ್ದಾತೀತ ಹರಿವಿನದು, ನೆತ್ತಿಯಲ್ಲಿ ಮ್ಯಾಕ್ 1. ಎತ್ತರ ತೋರಿಸುವುದು ಗಾಳಿಯ ಒಟ್ಟು ಉಷ್ಣತೆಯನ್ನು, ಅಂದರೆ ಓಡುವ ಗಾಳಿಯನ್ನು ಶಾಖ ಸೋರದಂತೆ ನಿಲ್ಲಿಸಿದರೆ ಅದು ಎಷ್ಟು ಬಿಸಿಯಾದೀತು ಎಂಬುದನ್ನು. ಶಾಖ ಕೊಟ್ಟಷ್ಟೂ ಹರಿವು ಗುಡ್ಡ ಹತ್ತುತ್ತದೆ. ಯಾವ ಮಗ್ಗುಲಿನಿಂದ ಹತ್ತಿದರೂ ನೆತ್ತಿ ಒಂದೇ, ನೆತ್ತಿಯ ಮೇಲೆ ಹತ್ತಲು ಜಾಗವಿಲ್ಲ. ಆ ಎರಡು ಕಟ್ಟಳೆಗಳನ್ನು ಪಾಲಿಸುತ್ತ ಅದಕ್ಕಿಂತ ಹೆಚ್ಚು ಶಾಖ ಹೊತ್ತ ಸ್ಥಿತಿಯೊಂದನ್ನು ಹುಡುಕಿದರೆ ಸಮೀಕರಣಕ್ಕೆ ಉತ್ತರವೇ ಇರುವುದಿಲ್ಲ.

ಎಡ ಇಳಿಜಾರಿನಲ್ಲಿ, ನೆತ್ತಿಗೆ ಸ್ವಲ್ಪ ಕೆಳಗೆ, ಒಂದು ವಿಚಿತ್ರವಿದೆ. ಸಾಮಾನ್ಯ ಗಾಳಿಯಲ್ಲಿ ಮ್ಯಾಕ್ 0.85ರ ಹತ್ತಿರದಿಂದ 1ರವರೆಗೆ ಶಾಖ ಕೊಟ್ಟರೆ ಗಾಳಿ ತಣ್ಣಗಾಗುತ್ತದೆ. ಥರ್ಮಾಮೀಟರು ಗಾಳಿಯ ಜೊತೆಗೇ ಓಡುತ್ತಿದ್ದರೆ ಅದರ ಮಟ್ಟ ಇಳಿಯುವುದು ಕಾಣುತ್ತದೆ. ಆ ಹಂತದಲ್ಲಿ ವೇಗ ಎಷ್ಟು ರಭಸದಿಂದ ಏರುತ್ತದೆಂದರೆ, ಅದಕ್ಕೆ ಬೇಕಾದ ಶಕ್ತಿಗೆ ನಾವು ಕೊಟ್ಟ ಶಾಖ ಸಾಲುವುದಿಲ್ಲ. ಉಳಿದದ್ದನ್ನು ಗಾಳಿ ತನ್ನ ಬಿಸಿಯಿಂದಲೇ ತೆಗೆದುಕೊಳ್ಳುತ್ತದೆ. ಶಾಖ ಬೇರೆ, ಉಷ್ಣತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹೈಶಾಟ್ ನಾಳಕ್ಕೆ ಮರಳೋಣ. ಸುಮಾರು 28 ಕಿ.ಮೀ. ಎತ್ತರದಲ್ಲಿ ಮೂತಿಯ ಇಳಿಜಾರಿಗೆ ಬಡಿದು ಒತ್ತಿಕೊಂಡ ಗಾಳಿ ಆ ನಾಳದೊಳಗೆ ಬರುವಾಗ ಅದರ ಮ್ಯಾಕ್ ಸಂಖ್ಯೆ ಹೆಚ್ಚುಕಡಿಮೆ 2.4, ಉಷ್ಣತೆ 1300 ಕೆಲ್ವಿನ್, ಒತ್ತಡ ನಾವು ಉಸಿರಾಡುವ ಗಾಳಿಯದಕ್ಕಿಂತ ತುಸು ಹೆಚ್ಚು. ಇಷ್ಟು ಬಿಸಿ ಗಾಳಿಗೆ ಹೊಂದುವ ಸರಾಸರಿ ಗುಣಗಳನ್ನು ಹಿಡಿದು ಲೆಕ್ಕ ಹಾಕಿದರೆ ಅದರ ವೇಗ ಸೆಕೆಂಡಿಗೆ ಸುಮಾರು 1670 ಮೀಟರ್, ಒಟ್ಟು ಉಷ್ಣತೆ ಸುಮಾರು 2420 ಕೆಲ್ವಿನ್. ಮ್ಯಾಕ್ 2.4ರಲ್ಲಿ ನಿಂತವನಿಗೆ ಗುಡ್ಡದ ನೆತ್ತಿ ಎಷ್ಟು ದೂರ? ರೇಲೇ ಸೂತ್ರ ಹೇಳುವುದು ಒಂದೂವರೆ ಪಟ್ಟಿಗಿಂತ ತುಸು ಕಡಿಮೆ, 1.46 ಪಟ್ಟು. ಅಂದರೆ ಒಟ್ಟು ಉಷ್ಣತೆ ಸುಮಾರು 3530 ಕೆಲ್ವಿನ್‌ವರೆಗೆ ಹೋಗಬಹುದು. ಈ 1100 ಕೆಲ್ವಿನ್ ಏರಿಕೆಗೆ ಒಂದು ಕಿಲೋ ಗಾಳಿಗೆ ಸುಮಾರು 1400 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಹೈಡ್ರೋಜನ್ ಉರಿದರೆ 120 ಕಿಲೋಜೂಲ್ ಬರುತ್ತದೆ. ಆದ್ದರಿಂದ ಒಂದು ಕಿಲೋ ಗಾಳಿಗೆ ಹನ್ನೊಂದೂವರೆ ಗ್ರಾಂ ಹೈಡ್ರೋಜನ್ ಸಾಕು, ಹರಿವು ನೆತ್ತಿ ಮುಟ್ಟುತ್ತದೆ. ಆದರೆ ಅದೇ ಒಂದು ಕಿಲೋ ಗಾಳಿಯಲ್ಲಿರುವ ಆಮ್ಲಜನಕಕ್ಕೆ 29 ಗ್ರಾಂ ಹೈಡ್ರೋಜನ್ ಉರಿಸುವ ತಾಕತ್ತಿದೆ. ಉರಿಸಬಹುದಾದ ಇಂಧನದಲ್ಲಿ ಶೇ. 40ರಷ್ಟಕ್ಕೇ ನಾಳದ ಮಿತಿ ಮುಗಿಯಿತು.

ನೆತ್ತಿ ಮುಟ್ಟಿದ ಗಾಳಿಯ ಸ್ಥಿತಿಯನ್ನೂ ನೋಡಿ. ವೇಗ ಸೆಕೆಂಡಿಗೆ 1670 ಮೀಟರಿನಿಂದ 1070ಕ್ಕೆ ಇಳಿದಿದೆ. ಉಷ್ಣತೆ 1300ರಿಂದ 3070 ಕೆಲ್ವಿನ್‌ಗೆ ಏರಿದೆ. ಒತ್ತಡ 3.7 ಪಟ್ಟಾಗಿದೆ. ಮೂವತ್ತು ಸೆಂಟಿಮೀಟರ್ ಉದ್ದದ ನಾಳವನ್ನು ಗಾಳಿ ದಾಟುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ; ಅಷ್ಟರಲ್ಲಿ ಇಷ್ಟೆಲ್ಲ ಆಗುತ್ತದೆ.

ವೇಗ ಹೆಚ್ಚಿಸಿದರೆ ನೆತ್ತಿ ದೂರವಾಗುವುದಿಲ್ಲವೇ? ಆಗುತ್ತದೆ, ಆದರೆ ಬಲ ಇಳಿಜಾರು ನೆಲದವರೆಗೆ ಇಳಿಯುವುದೇ ಇಲ್ಲ. ಲೆಕ್ಕದಲ್ಲಿ ಗಾಳಿಯ ಮ್ಯಾಕ್ ಸಂಖ್ಯೆಯನ್ನು ಅನಂತಕ್ಕೆ ಒಯ್ದರೂ ಒಟ್ಟು ಉಷ್ಣತೆಯನ್ನು ಎರಡೂವರೆ ಪಟ್ಟಿನೊಳಗೇ ಏರಿಸಬಹುದು. ಎಡ ಇಳಿಜಾರು ಹಾಗಲ್ಲ, ಅದು ಸೊನ್ನೆಯಿಂದ ಹತ್ತುತ್ತದೆ. ಮ್ಯಾಕ್ 0.2ರಲ್ಲಿ ಬರುವ ಸಾಮಾನ್ಯ ಗಾಳಿಯ ಒಟ್ಟು ಉಷ್ಣತೆಯನ್ನು ಐದೂಮುಕ್ಕಾಲು ಪಟ್ಟು ಏರಿಸಬಹುದು. ಪ್ರಯಾಣಿಕ ವಿಮಾನಗಳ ಜೆಟ್ ಎಂಜಿನ್ನಿನ ದಹನ ಕೋಣೆಯಲ್ಲಿ ಗಾಳಿ ತೀರ ನಿಧಾನವಾಗಿರುವುದರಿಂದ ಅಲ್ಲಿ ಈ ಮಿತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಯುದ್ಧವಿಮಾನದಲ್ಲಿ ಇದರ ಒಂದು ರೂಪವನ್ನು ಕಣ್ಣಾರೆ ಕಾಣಬಹುದು. ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋದವರು ತೇಜಸ್ ಹಿಂಬದಿಯ ನಳಿಗೆಯ ಲೋಹದ ಎಸಳುಗಳನ್ನು ನೋಡಿರುತ್ತಾರೆ. ಆಫ್ಟರ್‌ಬರ್ನರ್ ಹೊತ್ತಿಸಿದಾಗ ಆ ಎಸಳುಗಳು ಅರಳುತ್ತವೆ. ಹೆಚ್ಚಿನ ಶಾಖದಿಂದ ಹಗುರಾದ ಗಾಳಿಯ ಅಷ್ಟೇ ತೂಕ ಹಳೆಯ ಬಾಯಲ್ಲಿ ಹಿಡಿಸುವುದಿಲ್ಲ. ಬಾಯಿ ಅಗಲಿಸದೆ ಹೋದರೆ ಒತ್ತಡ ಹಿಂದಕ್ಕೆ ಸರಿದು ಎಂಜಿನ್ನಿನ ಮುಂಭಾಗವನ್ನೇ ಕೆಡಿಸುತ್ತದೆ.

ಈಗ ಮುಖ್ಯ ಪ್ರಶ್ನೆ. ನೆತ್ತಿ ಮುಟ್ಟಿದ ಮೇಲೂ ಇಂಧನದ ಕವಾಟವನ್ನು ಇನ್ನಷ್ಟು ತಿರುಗಿಸಿದರೆ ಏನಾಗುತ್ತದೆ? ಇಂಧನ ಉರಿಯುವುದನ್ನು ಯಾವ ಸಮೀಕರಣವೂ ತಡೆಯುವುದಿಲ್ಲ. ಆದ್ದರಿಂದ ಬದಲಾಗಬೇಕಾದದ್ದು ಒಳಗೆ ಬರುವ ಹರಿವು.

ಶಬ್ದಕ್ಕಿಂತ ನಿಧಾನದ ಹರಿವಿನಲ್ಲಿ ಇದು ಸದ್ದಿಲ್ಲದೆ ನಡೆದುಹೋಗುತ್ತದೆ. ಒತ್ತಡದ ಅಲೆಗಳು ಶಬ್ದದ ವೇಗದಲ್ಲಿ ಹರಿವಿಗೆ ಎದುರಾಗಿ ಈಜಿ ನಾಳದ ಬಾಯಿಗೆ ಸುದ್ದಿ ಮುಟ್ಟಿಸುತ್ತವೆ. ಒಳಗೆ ಬರುವ ಗಾಳಿ ಕಡಿಮೆಯಾಗುತ್ತದೆ, ಅದರ ಮ್ಯಾಕ್ ಸಂಖ್ಯೆ ಇಳಿಯುತ್ತದೆ, ಗುಡ್ಡದಲ್ಲಿ ಹರಿವು ಇನ್ನೂ ಕೆಳಗಿನಿಂದ ಹತ್ತಲು ಶುರು ಮಾಡುತ್ತದೆ. ಹೆಚ್ಚಿದ ಶಾಖಕ್ಕೆ ಜಾಗವಾಗುತ್ತದೆ. ಬೆಂಕಿ ಹೆಚ್ಚಿಸಿದ್ದಕ್ಕೆ ತೆತ್ತ ಬೆಲೆ ಗಾಳಿಯ ಪ್ರಮಾಣ.

ಶಬ್ದಾತೀತ ಹರಿವಿಗೆ ಈ ಸೌಲಭ್ಯವಿಲ್ಲ. ಸುದ್ದಿ ಒಯ್ಯುವ ಅಲೆಗಿಂತ ಗಾಳಿಯೇ ವೇಗವಾಗಿ ಎದುರಿಗೆ ಬರುತ್ತಿದೆ. ಹೀಗಾಗಿ ಒತ್ತಡ ಒಂದೆಡೆ ಗುಡ್ಡೆಯಾಗಿ ಆಘಾತ ತರಂಗ ಹುಟ್ಟುತ್ತದೆ. ಅದನ್ನು ದಾಟಿದ ಗಾಳಿ ಒಮ್ಮೆಗೇ ಶಬ್ದಕ್ಕಿಂತ ನಿಧಾನವಾಗುತ್ತದೆ, ಮ್ಯಾಕ್ 2.4 ಇದ್ದದ್ದು ಮ್ಯಾಕ್ 0.5 ಆಗುತ್ತದೆ. ಎಡ ಇಳಿಜಾರು ಉದ್ದವಾದದ್ದಲ್ಲವೇ, ಅಲ್ಲಿಗೆ ಹಾರಿದ ಮೇಲೆ ಹೆಚ್ಚು ಶಾಖಕ್ಕೆ ಜಾಗ ಸಿಕ್ಕಿತಲ್ಲ ಎಂದು ಅನಿಸಬಹುದು. ಸಿಗುವುದಿಲ್ಲ. ಆಘಾತ ತರಂಗ ಗಾಳಿಗೆ ಶಾಖ ಸೇರಿಸುವುದೂ ಇಲ್ಲ, ಕಸಿಯುವುದೂ ಇಲ್ಲ. ಒಟ್ಟು ಉಷ್ಣತೆ ಹಾಗೆಯೇ ಉಳಿಯುತ್ತದೆ. ಗುಡ್ಡದ ಬಲ ಮಗ್ಗುಲಿನಿಂದ ಎಡ ಮಗ್ಗುಲಿಗೆ ಹಾರಿದರೂ ಹರಿವು ನಿಲ್ಲುವುದು ಅದೇ ಎತ್ತರದಲ್ಲಿ. ನೆತ್ತಿಗೆ ಉಳಿದ ಏರು ಒಂದಿಷ್ಟೂ ಹೆಚ್ಚಿಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಸಂಗತಿ ಇದು. ನಾಳದೊಳಗಿನ ಆಘಾತ ತರಂಗ ನಾಳದ ಸಮಸ್ಯೆಯನ್ನು ಬಗೆಹರಿಸಲಾರದು. ಅದಕ್ಕೇ ಅದು ನಾಳದಲ್ಲಿ ನೆಲೆ ನಿಲ್ಲಲಾರದೆ ಮುಂದಕ್ಕೆ, ಗಾಳಿ ಬರುವ ದಿಕ್ಕಿಗೆ, ಸರಿಯುತ್ತ ಹೋಗುತ್ತದೆ. ಎಂಜಿನ್ನಿನ ಬಾಯಿ ದಾಟಿ ಹೊರಗೆ ನಿಂತು, ಒಳಗೆ ಬರಬೇಕಾದ ಗಾಳಿಯಲ್ಲಿ ಒಂದು ಪಾಲನ್ನು ಪಕ್ಕಕ್ಕೆ ಚೆಲ್ಲಿದಾಗಲೇ ಅದಕ್ಕೆ ಸಮಾಧಾನ. ಎಂಜಿನಿಯರುಗಳು ಇದನ್ನು ಅನ್‌ಸ್ಟಾರ್ಟ್ ಎನ್ನುತ್ತಾರೆ. ತಳ್ಳುಬಲ ಕುಸಿಯುತ್ತದೆ, ಎದುರುಬಲ ಏರುತ್ತದೆ, ವಿಮಾನ ಜರ್ಕು ಹೊಡೆಯುತ್ತದೆ.

ನಿಜವಾದ ನಾಳದಲ್ಲಿ ಇದು ಪುಸ್ತಕದ ಚಿತ್ರದಷ್ಟು ನೇರವಾಗಿರುವುದಿಲ್ಲ. ಹೈಶಾಟ್ ನಾಳದ ಪಡಿಯಚ್ಚನ್ನು ಜರ್ಮನಿಯ ಗೊಟಿಂಗೆನ್‌ನಲ್ಲಿರುವ ಎಚ್‌ಇಜಿ ಎಂಬ ಆಘಾತ ಸುರಂಗದಲ್ಲಿಟ್ಟು ಸಂಶೋಧಕರು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದೊಂದು ಪರೀಕ್ಷೆಯೂ ಕೆಲವೇ ಮಿಲಿಸೆಕೆಂಡಿನದು. ಹೈಡ್ರೋಜನ್ ಪ್ರಮಾಣ ಕಡಿಮೆಯಿದ್ದಾಗ ಗೋಡೆಯ ಒತ್ತಡ ಇಂಧನದ ರಂಧ್ರಗಳಿಂದ ಹಿಂದಕ್ಕೆ ನಯವಾಗಿ ಏರುತ್ತಿತ್ತು. ಪ್ರಮಾಣ ಶೇ. 40ರ ಆಸುಪಾಸು ದಾಟಿದಾಗ ಚಿತ್ರವೇ ಬದಲಾಯಿತು. ನಾಳದ ಹಿಂಭಾಗದಲ್ಲಿ ಒಂದರ ಹಿಂದೊಂದು ಆಘಾತ ತರಂಗಗಳ ಸಾಲು ಕಟ್ಟಿಕೊಂಡು ಮುಂದಕ್ಕೆ ತೆವಳತೊಡಗಿತು. ಇಡೀ ಅಡ್ಡಕೊಯ್ತ ಒಟ್ಟಿಗೆ ಮ್ಯಾಕ್ 1ಕ್ಕೆ ಇಳಿಯುವುದಕ್ಕೆ ಮೊದಲೇ, ಬೆಂಕಿ ಜೋರಾಗಿದ್ದ ಕಡೆಯ ಹರಿವು ಕಟ್ಟಿಕೊಂಡು ಆ ಸಾಲಿಗೆ ನಾಂದಿ ಹಾಡುತ್ತಿತ್ತು. ನಾವು ಮೇಲೆ ಹಾಕಿದ ಲೆಕ್ಕ ನಾಳದ ಉದ್ದಗಲದಲ್ಲಿ ಬೆಂಕಿ ಸಮನಾಗಿ ಹರಡಿದೆ ಎಂದು ಹಿಡಿದದ್ದು. ಗೋಡೆಗೆ ಸೋರುವ ಶಾಖವನ್ನೂ ಘರ್ಷಣೆಯನ್ನೂ ಉರಿಯದೆ ಉಳಿಯುವ ಹೈಡ್ರೋಜನ್ನನ್ನೂ ಬಿಟ್ಟದ್ದು. ಆದರೂ ಅಂಥ ಸರಳ ಲೆಕ್ಕದ ಉತ್ತರ ನಿಜದ ಇಷ್ಟು ಹತ್ತಿರ ಬರುತ್ತದೆ.

ಚೋಕಿಂಗ್ ಆಗುತ್ತಿದೆ ಎಂದು ಗುರುತಿಸುವುದೂ ಈ ಒತ್ತಡದಿಂದಲೇ. ನಾಳದ ಗೋಡೆಯುದ್ದಕ್ಕೂ ಸಾಲಾಗಿ ಸಂವೇದಕಗಳಿರುತ್ತವೆ. ಎಲ್ಲ ಸರಿಯಿದ್ದಾಗ ಇಂಧನ ಬಿಡುವ ಜಾಗಕ್ಕಿಂತ ಮುಂದಿರುವ ಸಂವೇದಕಗಳಿಗೆ ಬೆಂಕಿ ಹತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಶಬ್ದಾತೀತ ಹರಿವು ಸುದ್ದಿಯನ್ನು ಮುಂದಕ್ಕೆ ಬಿಡುವುದಿಲ್ಲವಲ್ಲ. ಹಿಂದಿನ ಸಂವೇದಕ ಮೊದಲು ನೆಗೆದು, ಬಳಿಕ ಅದರ ಮುಂದಿನದು, ಬಳಿಕ ಅದರ ಮುಂದಿನದು ನೆಗೆಯುತ್ತ ಬಂದರೆ ಆಘಾತ ತರಂಗದ ಸಾಲು ಹೊರಟಿದೆ ಎಂದರ್ಥ. ಎರಡು ಸಂವೇದಕಗಳ ಅಂತರವನ್ನು ಅವು ನೆಗೆದ ಹೊತ್ತಿನ ವ್ಯತ್ಯಾಸದಿಂದ ಭಾಗಿಸಿದರೆ ಅದರ ವೇಗ ಸಿಗುತ್ತದೆ. ಇಂಧನದ ರಂಧ್ರಗಳಿಗಿಂತ ಮುಂದಿನ ಸಂವೇದಕ ನೆಗೆಯಿತೆಂದರೆ ಕವಾಟವನ್ನು ತಕ್ಷಣ ಹಿಂದಕ್ಕೆ ತಿರುಗಿಸಬೇಕು.

ಅಮೆರಿಕದ ಎಕ್ಸ್-51ಎ ವಿಮಾನದ ಎರಡನೇ ಹಾರಾಟದಲ್ಲಿ, 2011ರ ಜೂನ್‌ನಲ್ಲಿ, ಅನ್‌ಸ್ಟಾರ್ಟ್ ಎಂಜಿನ್ನನ್ನೇ ಬಲಿ ತೆಗೆದುಕೊಂಡಿತು. ಬಿ-52 ವಿಮಾನದಿಂದ ಬಿಟ್ಟ ಮೇಲೆ ರಾಕೆಟ್ ಅದನ್ನು ಮ್ಯಾಕ್ 5ರವರೆಗೆ ತಳ್ಳಿತು. ಬೇಗ ಹೊತ್ತಿಕೊಳ್ಳುವ ಎಥಿಲೀನ್‌ನಿಂದ ಸ್ಕ್ರಾಮ್‌ಜೆಟ್ ಶುರುವಾಯಿತು. ಅಲ್ಲಿಂದ ಜೆಪಿ-7 ಎಂಬ ಮುಖ್ಯ ಇಂಧನಕ್ಕೆ ಬದಲಾಗುವಾಗ ಗಾಳಿಯ ಬಾಯಿ ಅನ್‌ಸ್ಟಾರ್ಟ್ ಆಯಿತು. ಮತ್ತೆ ಹೊತ್ತಿಸುವ ಪ್ರಯತ್ನ ಫಲಿಸದೆ ವಿಮಾನ ಪೆಸಿಫಿಕ್ ಸಾಗರಕ್ಕೆ ಬಿತ್ತು. 2013ರ ಮೇ 1ರ ನಾಲ್ಕನೇ ಹಾರಾಟದಲ್ಲಿ ಅದೇ ಮಾದರಿಯ ವಿಮಾನ ಮ್ಯಾಕ್ 5.1 ಮುಟ್ಟಿ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಸ್ಕ್ರಾಮ್‌ಜೆಟ್ ಬಲದಲ್ಲಿ ಹಾರಿತು.

ಮಿತಿಯಿಂದ ತಪ್ಪಿಸಿಕೊಳ್ಳುವ ಮೊದಲ ದಾರಿ ನಾಳವನ್ನು ಹಿಂದಕ್ಕೆ ಹೋದಂತೆ ಅಗಲಿಸುವುದು. ಶಬ್ದಾತೀತ ಹರಿವಿಗೆ ಅಗಲವಾದ ಜಾಗ ಕೊಟ್ಟರೆ ಅದರ ಮ್ಯಾಕ್ ಸಂಖ್ಯೆ ಏರುತ್ತದೆ, ಶಾಖ ಕೊಟ್ಟರೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಆದರೆ ಬೇಕೆಂದಷ್ಟು ಅಗಲಿಸುವ ಹಾಗಿಲ್ಲ. ತೀರ ಅಗಲವಾದರೆ ಒತ್ತಡ ಬಿದ್ದು ಬೆಂಕಿಯೇ ಆರುತ್ತದೆ. ಆದ್ದರಿಂದ ಇಂಧನವನ್ನು ಒಂದೇ ಕಡೆ ಸುರಿಯದೆ, ನಾಳ ಅಗಲವಾಗುತ್ತ ಹೋದ ಕಡೆಗಳಲ್ಲಿ ಹಂತಹಂತವಾಗಿ ಬಿಡುತ್ತಾರೆ. ದಹನ ಕೋಣೆಯ ಮುಂದೆ ಐಸೊಲೇಟರ್ ಎಂಬ ಇನ್ನೊಂದು ನಾಳವನ್ನೂ ಇಡುತ್ತಾರೆ. ಬೆಂಕಿಯ ಒತ್ತಡಕ್ಕೆ ಮುಂದಕ್ಕೆ ಸರಿಯುವ ಆಘಾತ ತರಂಗಗಳ ಸಾಲು ಗಾಳಿಯ ಬಾಯಿಯನ್ನು ಮುಟ್ಟದಂತೆ ಹಿಡಿದಿಡುವುದು ಅದರ ಕೆಲಸ.

ಎರಡನೆಯ ದಾರಿ ನನಗೆ ಇನ್ನೂ ಜಾಣತನದ್ದಾಗಿ ಕಾಣುತ್ತದೆ. ಅಮೆರಿಕದ ವಾಯುಪಡೆಯ ಎಡ್ವರ್ಡ್ ಕರನ್ ಮತ್ತು ಫ್ರಾಂಕ್ ಸ್ಟಲ್ ಅವರಿಗೆ 1972ರಲ್ಲಿ ಪೇಟೆಂಟ್ ಸಿಕ್ಕ ಈ ಉಪಾಯದಲ್ಲಿ ಚೋಕಿಂಗನ್ನು ಬೇಕೆಂದೇ ಆಗಗೊಡುತ್ತಾರೆ. ವಿಮಾನ ಮ್ಯಾಕ್ 4, 5ರ ಸುಮಾರಿನಲ್ಲಿ ಹಾರುವಾಗ ಒಳಬರುವ ಗಾಳಿಯ ಒಟ್ಟು ಉಷ್ಣತೆ ಕಡಿಮೆ ಇರುತ್ತದೆ, ಬೆಂಕಿ ಅದನ್ನು ಹಲವು ಪಟ್ಟು ಏರಿಸುತ್ತದೆ, ಹರಿವು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳಲಿ. ಆಘಾತ ತರಂಗಗಳು ಐಸೊಲೇಟರ್‌ನಲ್ಲಿ ನಿಲ್ಲಲಿ, ದಹನ ಕೋಣೆಯಲ್ಲಿ ಗಾಳಿ ಶಬ್ದಕ್ಕಿಂತ ನಿಧಾನವಾಗಿ ಉರಿಯಲಿ. ಬಳಿಕ ಅಗಲವಾಗುವ ನಾಳದ ಒಂದು ಜಾಗದಲ್ಲಿ ಶಾಖದ ಏರಿಕೆಯೂ ಅಗಲದ ಏರಿಕೆಯೂ ಸಮಸಮವಾಗಿ ಹರಿವು ಮ್ಯಾಕ್ 1 ದಾಟುತ್ತದೆ, ಅಲ್ಲಿಂದಾಚೆಗೆ ಶಬ್ದಾತೀತವಾಗಿ ಹೊರಹೋಗುತ್ತದೆ. ಸಾಮಾನ್ಯ ರಾಮ್‌ಜೆಟ್‌ಗೆ ಈ ಕೆಲಸಕ್ಕೆ ಲೋಹದಲ್ಲೇ ಕಿರಿದಾದ ಒಂದು ಕುತ್ತಿಗೆ ಬೇಕು. ಇಲ್ಲಿ ಆ ಕುತ್ತಿಗೆಯನ್ನು ಕಟ್ಟುವುದು ಬೆಂಕಿ. ಇಂಧನ ಬಿಡುವ ಜಾಗ ಬದಲಿಸಿ ಅದನ್ನು ಹಿಂದೆ ಮುಂದೆ ಸರಿಸಬಹುದು.

ವಿಮಾನದ ವೇಗ ಹೆಚ್ಚಿದಂತೆ ಒಳಬರುವ ಗಾಳಿಯ ಒಟ್ಟು ಉಷ್ಣತೆ ತಾನಾಗಿ ಏರುತ್ತದೆ. ಅದೇ ಇಂಧನ ಅಷ್ಟೇ ಶಾಖ ಕೊಟ್ಟರೂ ಅದು ಮಾಡುವ ಏರಿಕೆ ಈಗ ಪಟ್ಟಿನ ಲೆಕ್ಕದಲ್ಲಿ ಚಿಕ್ಕದು. ಮ್ಯಾಕ್ 6ರ ಸುಮಾರಿಗೆ ಬರುವ ಹೊತ್ತಿಗೆ ಬೆಂಕಿಗೆ ಹರಿವನ್ನು ಕಟ್ಟುವ ಶಕ್ತಿ ಸಾಲದಾಗುತ್ತದೆ. ಆಘಾತ ತರಂಗಗಳ ಸಾಲು ಹಿಂದಕ್ಕೆ ಸರಿದು ಸವೆಯುತ್ತದೆ, ಮ್ಯಾಕ್ 1ರ ಆ ಜಾಗ ಇಲ್ಲವಾಗುತ್ತದೆ, ನಾಳದ ಉದ್ದಕ್ಕೂ ಹರಿವು ಶಬ್ದಾತೀತವಾಗಿಯೇ ಉಳಿದು ಉರಿಯತೊಡಗುತ್ತದೆ. ಎಂಜಿನ್ನಿನ ಒಂದು ಭಾಗವೂ ಅಲುಗಾಡದೆ ರಾಮ್‌ಜೆಟ್ ಸ್ಕ್ರಾಮ್‌ಜೆಟ್ ಆಗುವುದು ಹೀಗೆ.